ಬೇಗ ತಗೊಳ್ಳಿ, ಜಾಸ್ತಿ ದಿನ ಬೇಡ: ಮೈಗ್ರೇನಿನಲ್ಲಿ ಟ್ರಿಪ್ಟಾನ್ ಲೆಕ್ಕ

(ಮೈಗ್ರೇನ್ ಇರುವವರು ಮತ್ತು ಅವರ ಮನೆಯವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೈಗ್ರೇನ್ ಇರುವವರಿಗೆ ನಾವು ವೈದ್ಯರು ಎರಡು ಮಾತು ಹೇಳುತ್ತೇವೆ. ಒಂದು, ನೋವು ಶುರುವಾದ ಕೂಡಲೇ ಮಾತ್ರೆ ತಗೊಳ್ಳಿ. ಇನ್ನೊಂದು, ಮಾತ್ರೆ ಜಾಸ್ತಿ ತಗೋಬೇಡಿ, ಅದರಿಂದಲೇ ತಲೆನೋವು ಬರಬಹುದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಚೀಟಿ ಬರೆದು ಕಳಿಸಿಬಿಡುತ್ತೇವೆ. ಕೇಳಿಸಿಕೊಂಡವರಿಗೆ ಗೊಂದಲವಾಗುವುದು ಸಹಜ. ಬೇಗ ತಗೊಳ್ಳೋದಾ, ತಡೆದುಕೊಳ್ಳೋದಾ? ಬಹಳಷ್ಟು ಜನ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಆದಷ್ಟು ಹೊತ್ತು ತಡೆದುಕೊಂಡು, ಇನ್ನು ಆಗಲ್ಲ ಅನ್ನುವಾಗ ಮಾತ್ರೆ ನುಂಗುತ್ತಾರೆ. ಹಾಗೆ ತಡ ಮಾಡುವುದರಿಂದಲೇ ಕೊನೆಗೆ ಜಾಸ್ತಿ ಮಾತ್ರೆ ಬೇಕಾಗುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆಯೇ.

ಇದು ಎಲ್ಲೋ ಕೆಲವರ ಸಮಸ್ಯೆಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ಮನೆ ಮನೆಗೆ ಹೋಗಿ ಮಾಡಿದ ತಲೆನೋವಿನ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. 18ರಿಂದ 65 ವರ್ಷದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಆ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಮಾತ್ರೆಯ ಅತಿಬಳಕೆಯಿಂದ ಬಂದಿರಬಹುದಾದ ತಲೆನೋವು ನೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನರಲ್ಲಿ ಇತ್ತು. ನಮ್ಮ ಜಿಲ್ಲೆಗಳ ಜನಸಂಖ್ಯೆ ನೆನೆಸಿಕೊಂಡರೆ ನೂರಕ್ಕೆ ಒಬ್ಬರು ಅನ್ನುವುದು ಸಣ್ಣ ಸಂಖ್ಯೆಯಲ್ಲ.

ಟ್ರಿಪ್ಟಾನ್ ನೋವಿನ ಮಾತ್ರೆಯಲ್ಲ

ಪ್ಯಾರಾಸಿಟಮಾಲ್ ಮೈಕೈ ನೋವಿಗೂ ಆಗುತ್ತದೆ, ಹಲ್ಲುನೋವಿಗೂ ಆಗುತ್ತದೆ. ಟ್ರಿಪ್ಟಾನ್ ಹಾಗಲ್ಲ. ಬೆನ್ನುನೋವಿಗೆ ತಗೊಂಡರೆ ಏನೂ ಪ್ರಯೋಜನವಿಲ್ಲ. ಅದು ಮೈಗ್ರೇನ್ ನಡೆಯುವ ದಾರಿಯಲ್ಲಿ ಕೆಲಸ ಮಾಡಲೆಂದೇ ತಯಾರಾದ ಔಷಧ. ಈ ಗುಂಪಿನಲ್ಲಿ ಮೊದಲು ಬಂದದ್ದು ಸುಮಾಟ್ರಿಪ್ಟಾನ್, 1990ರ ದಶಕದ ಶುರುವಿನಲ್ಲಿ. ಆಮೇಲೆ ರಿಜಾಟ್ರಿಪ್ಟಾನ್, ಜೋಲ್ಮಿಟ್ರಿಪ್ಟಾನ್, ನಾರಾಟ್ರಿಪ್ಟಾನ್ ಎಲ್ಲ ಬಂದವು. ನಮ್ಮಲ್ಲಿ ಹೆಚ್ಚು ಬರೆಯುವುದು ಸುಮಾಟ್ರಿಪ್ಟಾನ್ ಮತ್ತು ರಿಜಾಟ್ರಿಪ್ಟಾನ್.

ಮೈಗ್ರೇನ್ ಬಂದಾಗ ಏನಾಗುತ್ತದೆ? ಮುಖ ಮತ್ತು ತಲೆಯ ನೋವನ್ನು ಒಯ್ಯುವ ಟ್ರೈಜೆಮಿನಲ್ ಅನ್ನುವ ನರವಿದೆ. ಅದರ ತುದಿಗಳು ಮೆದುಳಿನ ಹೊದಿಕೆಯ ರಕ್ತನಾಳಗಳ ಸುತ್ತ ಇರುತ್ತವೆ. ಈ ತುದಿಗಳಿಂದ ಸಿಜಿಆರ್‌ಪಿ ಎಂಬ ರಾಸಾಯನಿಕ ಹೊರಬರುತ್ತದೆ, ರಕ್ತನಾಳ ಹಿಗ್ಗುತ್ತದೆ, ನರ ಕೆರಳುತ್ತದೆ. ಟ್ರಿಪ್ಟಾನ್ ಆ ತುದಿಗಳಲ್ಲಿ ಸಿಜಿಆರ್‌ಪಿ ಹೊರಬರುವುದನ್ನು ತಡೆಯುತ್ತದೆ, ಹಿಗ್ಗಿದ ರಕ್ತನಾಳವನ್ನೂ ಕುಗ್ಗಿಸುತ್ತದೆ.

ಆದರೆ ನರ ಕೆರಳಿಕೊಂಡೇ ಇದ್ದರೆ, ಅದು ಸುದ್ದಿ ಮುಟ್ಟಿಸುವ ಮೆದುಳುಕಾಂಡದ ಜೀವಕೋಶಗಳೂ ಕೆರಳುತ್ತವೆ. ಒಂದೆರಡು ಗಂಟೆಯೊಳಗೆ ಅವು ತಮ್ಮಷ್ಟಕ್ಕೆ ತಾವೇ ನೋವಿನ ಸುದ್ದಿ ಕಳಿಸಲು ಶುರುಮಾಡುತ್ತವೆ. ಕಾಲಿಂಗ್ ಬೆಲ್‌ನ ಗುಂಡಿ ಸಿಕ್ಕಿಕೊಂಡು, ಬೆರಳು ತೆಗೆದರೂ ಬೆಲ್ ಹೊಡೆದುಕೊಳ್ಳುತ್ತಲೇ ಇರುತ್ತದಲ್ಲ, ಹಾಗೆ. ಟ್ರಿಪ್ಟಾನ್ ಬೆರಳನ್ನು ತೆಗೆಸಬಲ್ಲದು. ಸಿಕ್ಕಿಕೊಂಡ ಗುಂಡಿಯನ್ನು ಬಿಡಿಸುವುದು ಅದಕ್ಕೆ ಕಷ್ಟ.

ಈ ಎರಡನೇ ಹಂತ ಬಂತು ಅಂತ ಮನೆಯಲ್ಲೇ ಗುರುತಿಸಬಹುದು. ತಲೆ ಬಾಚಿದರೆ ನೋವು. ಜಡೆ ಬಿಗಿಯಾಯಿತು ಅನ್ನಿಸಿ ಬಿಚ್ಚಿಬಿಡುತ್ತೀರಿ. ಕನ್ನಡಕ, ಓಲೆ, ಹೆಲ್ಮೆಟ್ ಯಾವುದೂ ತಡೆಯುವುದಿಲ್ಲ. ನೋವಿರುವ ಕಡೆ ದಿಂಬಿಗೆ ತಲೆ ಇಡಲಾಗುವುದಿಲ್ಲ. ಮಾಮೂಲಿ ದಿನ ನೋವೇ ಅನ್ನಿಸದ ಸ್ಪರ್ಶ ಈಗ ನೋವಾಗುತ್ತದೆ.

2004ರಲ್ಲಿ ಅಮೆರಿಕದ ರಾಮಿ ಬರ್ಸ್ಟೀನ್ ಮತ್ತು ಸಂಗಡಿಗರು ಇದನ್ನೇ ಅಳೆದು ನೋಡಿದರು. ಚರ್ಮ ಹೀಗೆ ಸೂಕ್ಷ್ಮವಾಗುವ ಮೊದಲೇ ಟ್ರಿಪ್ಟಾನ್ ಕೊಟ್ಟಾಗ ನೂರಕ್ಕೆ 93 ಬಾರಿ ನೋವು ಪೂರ್ತಿ ಹೋಯಿತು. ಸೂಕ್ಷ್ಮವಾದ ಮೇಲೆ ಕೊಟ್ಟಾಗ ನೂರಕ್ಕೆ 15 ಬಾರಿ ಮಾತ್ರ. ಅದು ಸಣ್ಣ ಅಧ್ಯಯನ, ಅಷ್ಟು ದೊಡ್ಡ ಅಂತರ ಎಲ್ಲರಲ್ಲೂ ಕಾಣಬೇಕೆಂದಿಲ್ಲ. ಕೆಲವರಿಗೆ ಚರ್ಮ ಸೂಕ್ಷ್ಮವಾಗುವುದೇ ಇಲ್ಲ, ಅವರಿಗೆ ಸ್ವಲ್ಪ ತಡವಾಗಿ ತಗೊಂಡರೂ ನಡೆಯುತ್ತದೆ. ಆದರೆ "ಈ ಮಾತ್ರೆ ನನಗೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಹಿಡಿಯಲ್ಲ" ಅನ್ನುವವರಲ್ಲಿ ತುಂಬಾ ಜನರ ಕಥೆ ಇಲ್ಲೇ ಇದೆ. ಮಾತ್ರೆ ಅದೇ, ತಗೊಂಡ ಹೊತ್ತು ಬೇರೆ.

ತಡವಾದರೆ ಇನ್ನೊಂದು ತೊಂದರೆಯೂ ಇದೆ. ಮೈಗ್ರೇನ್ ಜೋರಾದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತದೆ, ಇಲ್ಲವೇ ವಾಂತಿಯಲ್ಲಿ ಹೋಗುತ್ತದೆ. ಬಾಯಲ್ಲಿ ಕರಗುವ ಮಾತ್ರೆ ತಗೊಂಡರೆ ಈ ತಾಪತ್ರಯ ತಪ್ಪುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಬಾಯಲ್ಲಿ ಕರಗುತ್ತದೆ ನಿಜ, ಆದರೆ ಎಂಜಲಿನ ಜೊತೆ ಹೊಟ್ಟೆಗೇ ಹೋಗಿ ಕರುಳಿನಿಂದಲೇ ರಕ್ತಕ್ಕೆ ಸೇರುತ್ತದೆ. ನೀರಿಲ್ಲದೆ ತಗೋಬಹುದು ಅನ್ನುವುದಷ್ಟೇ ಅದರ ಅನುಕೂಲ. ಬೇಗ ವಾಂತಿ ಶುರುವಾಗುವವರಿಗೆ ಮೂಗಿಗೆ ಹೊಡೆಯುವ ಸ್ಪ್ರೇ ಅಥವಾ ಚರ್ಮದಡಿಯ ಇಂಜೆಕ್ಷನ್ ಸರಿ. ಮಾತ್ರೆಯೇ ಬೇಕಾದರೆ ವೈದ್ಯರನ್ನು ಕೇಳಿ ವಾಂತಿ ನಿಲ್ಲಿಸುವ ಮಾತ್ರೆಯನ್ನೂ ಜೊತೆಗೆ ತಗೊಳ್ಳಬಹುದು.

ಬೇಗ ಅಂದರೆ ಯಾವಾಗ?

ನೋವು ಇನ್ನೂ ಸಣ್ಣದಿರುವಾಗ, ಸಾಧ್ಯವಾದರೆ ಶುರುವಾದ ಒಂದು ಗಂಟೆಯೊಳಗೆ. ಕೆಲಸ ಮುಗಿಸಿ ಮನೆಗೆ ಹೋಗಿ ತಗೋತೀನಿ ಅನ್ನುವಷ್ಟು ತಡ ಬೇಡ. ಮಾತ್ರೆ ಮನೆಯ ಕಪಾಟಿನಲ್ಲಿದ್ದರೆ ಸಾಲದು, ನೀವು ಹೋದಲ್ಲೆಲ್ಲ ಬ್ಯಾಗಿನಲ್ಲಿರಬೇಕು.

ಆದರೆ ನೋವಿಗಿಂತ ಮೊದಲು ಬೇಡ. ಕೆಲವರಿಗೆ ತಲೆನೋವಿಗೆ ಮುಂಚೆ ಕಣ್ಣಮುಂದೆ ಅಂಕುಡೊಂಕು ಬೆಳಕಿನ ಗೆರೆ ಬರುತ್ತದೆ, ದೃಷ್ಟಿಯ ಒಂದು ಭಾಗ ಮಸುಕಾಗುತ್ತದೆ. ಇದನ್ನು ಔರಾ ಅನ್ನುತ್ತೇವೆ. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಔರಾ ಇರುವಾಗಲೇ ಸುಮಾಟ್ರಿಪ್ಟಾನ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಮುಂದೆ ಬರುವ ತಲೆನೋವು ತಪ್ಪಲಿಲ್ಲ. ಹಾಗಾಗಿ ಮಾತ್ರೆ ಕೈಯಲ್ಲಿಟ್ಟುಕೊಂಡು ನೋವು ಶುರುವಾಗುವವರೆಗೆ ಕಾಯಿರಿ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಶುರುವಿನಲ್ಲಿ ಇದು ಮೈಗ್ರೇನೋ ಮಾಮೂಲಿ ತಲೆನೋವೋ ಅಂತ ಹೇಗೆ ಗೊತ್ತಾಗಬೇಕು? ಬಗ್ಗಿದರೆ, ಮೆಟ್ಟಿಲು ಹತ್ತಿದರೆ ನೋವು ಜಾಸ್ತಿಯಾಗುತ್ತದೆಯೇ ನೋಡಿ. ಊಟದ ವಾಸನೆಗೆ ಹೊಟ್ಟೆ ತೊಳಸುತ್ತದೆಯೇ? ಟ್ಯೂಬ್‌ಲೈಟ್ ಆರಿಸಬೇಕು ಅನ್ನಿಸುತ್ತದೆಯೇ? ಇವುಗಳಲ್ಲಿ ಒಂದೆರಡಿದ್ದರೆ ಮೈಗ್ರೇನ್ ಇರುವ ಸಾಧ್ಯತೆಯೇ ಹೆಚ್ಚು. ಪದೇ ಪದೇ ಆಕಳಿಕೆ, ಕುತ್ತಿಗೆ ಹಿಡಿದಂತಾಗುವುದು ಕೂಡ ಎಷ್ಟೋ ಜನರಲ್ಲಿ ಮೈಗ್ರೇನಿನ ಮುನ್ಸೂಚನೆ. ಅದನ್ನು ಕುತ್ತಿಗೆಯ ಮೂಳೆ ಸವೆತ ಅಂದುಕೊಂಡು ವರ್ಷಗಟ್ಟಲೆ ಕುತ್ತಿಗೆ ಪಟ್ಟಿ ಹಾಕಿಕೊಂಡವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಎರಡೂ ಕಡೆ ಸುಮ್ನೆ ಬಿಗಿದಂತಿದ್ದು, ಓಡಾಡಿದರೂ ಜಾಸ್ತಿಯಾಗದೆ, ವಾಕರಿಕೆ ಇಲ್ಲದೆ ಇದ್ದರೆ ಟ್ರಿಪ್ಟಾನ್ ಬೇಡ. ನೀರು ಕುಡಿದು, ಊಟ ಮಾಡಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನೋಡಿ.

ಒಬ್ಬ ಟೀಚರ್‌ ಅವರ ಕ್ಯಾಲೆಂಡರ್

ಈಗ ಹೇಳುವುದು ಒಬ್ಬರ ಕಥೆಯಲ್ಲ, ನಾನು ನೋಡಿದ ಹಲವರನ್ನು ಸೇರಿಸಿ ಮಾಡಿದ್ದು. 36 ವರ್ಷದ ಹೈಸ್ಕೂಲ್ ಟೀಚರ್. ಇಪ್ಪತ್ತನೇ ವಯಸ್ಸಿನಿಂದ ಮೈಗ್ರೇನ್. ಮೊದಲು ತಿಂಗಳಿಗೆ ಎರಡು ಮೂರು ಬಾರಿ ಬರುತ್ತಿತ್ತು. ಕಳೆದ ಒಂದು ವರ್ಷದಿಂದ ತಲೆನೋವಿಲ್ಲದ ದಿನವೇ ಕಡಿಮೆ. "ಡಾಕ್ಟ್ರೇ, ನಾನು ಮಾತ್ರೆ ಜಾಸ್ತಿ ತಗೊಳ್ಳಲ್ಲ. ಟ್ರಿಪ್ಟಾನ್ ಅಂತೂ ತಿಂಗಳಿಗೆ ಆರು ದಿನ ಅಷ್ಟೇ" ಅಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಎಲ್ಲವನ್ನೂ ಗುರುತು ಮಾಡಿ ತನ್ನಿ ಅಂದೆ. ತಂದರು. ತಲೆನೋವು 19 ದಿನ. ಪ್ಯಾರಾಸಿಟಮಾಲ್ ತಗೊಂಡದ್ದು 7 ದಿನ, ನ್ಯಾಪ್ರೊಕ್ಸೆನ್ 4 ದಿನ, ರಿಜಾಟ್ರಿಪ್ಟಾನ್ 6 ದಿನ. ಇದರಲ್ಲಿ 3 ದಿನ ಪ್ಯಾರಾಸಿಟಮಾಲ್ ಮತ್ತು ರಿಜಾಟ್ರಿಪ್ಟಾನ್ ಎರಡೂ ಸೇರಿದ್ದವು. ಕೂಡಿ ಕಳೆದರೆ ಒಟ್ಟು 14 ದಿನ ಏನಾದರೊಂದು ಮಾತ್ರೆ ಹೊಟ್ಟೆಗೆ ಹೋಗಿದೆ.

ಇಲ್ಲಿ ಮಿತಿಯ ಲೆಕ್ಕ ಹೇಳಬೇಕು. ಟ್ರಿಪ್ಟಾನ್, ಎರ್ಗೊಟಮೈನ್ ಅನ್ನುವ ಹಳೆಯ ಮೈಗ್ರೇನ್ ಔಷಧ, ಕೊಡೀನ್ ಅಥವಾ ಟ್ರಾಮಡಾಲ್‌ನಂಥ ಅಫೀಮು ಜಾತಿಯ ಔಷಧ, ಎರಡು ಮೂರು ಔಷಧ ಸೇರಿಸಿದ ಮಾತ್ರೆ, ಇವನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು ತಗೊಂಡರೆ ಅತಿಬಳಕೆ. ಬರೀ ಪ್ಯಾರಾಸಿಟಮಾಲ್, ಆಸ್ಪಿರಿನ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್ ಆದರೆ ಒಂದೊಂದಕ್ಕೂ 15 ದಿನ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೀಗೇ ನಡೆದು, ತಲೆನೋವು ತಿಂಗಳಿಗೆ 15 ದಿನ ಅಥವಾ ಹೆಚ್ಚಿದ್ದರೆ ಅದಕ್ಕೆ ಮಾತ್ರೆಯ ಅತಿಬಳಕೆಯ ತಲೆನೋವು ಅನ್ನುತ್ತೇವೆ. ತುಂಬಾ ಜನರ ಗಮನಕ್ಕೆ ಬಾರದ ಒಂದು ನಿಯಮ ಇದರಲ್ಲೇ ಇದೆ. ಬೇರೆ ಬೇರೆ ಮಾತ್ರೆ ಬದಲಾಯಿಸಿ ತಗೊಳ್ಳುವವರಿಗೆ ಒಟ್ಟು ದಿನಗಳನ್ನು ಎಣಿಸಬೇಕು, ಮಿತಿ 10 ದಿನ. ಟೀಚರ್‌ ಅವರ ಪ್ರತಿಯೊಂದು ಮಾತ್ರೆಯೂ ತನ್ನ ಮಿತಿಯೊಳಗೇ ಇತ್ತು. ಮೂರೂ ಸೇರಿ ಮಿತಿ ದಾಟಿತ್ತು. ಹಿಂದಿನ ತಿಂಗಳುಗಳೂ ಹೀಗೇ ಇದ್ದವು ಅಂತ ಅವರೇ ಹೇಳಿದರು.

ಗಮನಿಸಿ, ಎಣಿಸುವುದು ದಿನವನ್ನು, ಮಾತ್ರೆಯನ್ನಲ್ಲ. ಒಂದೇ ದಿನ ಎರಡು ತಗೊಂಡರೂ ಒಂದು ದಿನ. ಇವತ್ತು ಅರ್ಧ, ನಾಳೆ ಅರ್ಧ ತಗೊಂಡರೆ ಎರಡು ದಿನ. ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿದೆ ಅಂತ ನೋಡಿ ಲೆಕ್ಕ ಹಾಕುವವರು ಇಲ್ಲಿ ಎಡವುತ್ತಾರೆ.

ಆ ಕ್ಯಾಲೆಂಡರಿನ ಒಂದು ಮಂಗಳವಾರವನ್ನು ಬಿಡಿಸಿ ನೋಡೋಣ. ಬೆಳಗ್ಗೆ 11ಕ್ಕೆ ಬಲಗಣ್ಣಿನ ಮೇಲೆ ಸಣ್ಣ ನೋವು. ಟ್ರಿಪ್ಟಾನ್ ಉಳಿಸಬೇಕು ಅಂತ 12 ಗಂಟೆಗೆ ಪ್ಯಾರಾಸಿಟಮಾಲ್. ಸಂಜೆ 5ಕ್ಕೆ ಬಸ್ಸಿನಲ್ಲಿ ವಾಕರಿಕೆ. ಮನೆಗೆ ಬಂದು ಜಡೆ ಬಿಚ್ಚಿ ಕತ್ತಲೆ ಕೋಣೆಯಲ್ಲಿ ಮಲಗಿದರು. ರಾತ್ರಿ 8ಕ್ಕೆ ರಿಜಾಟ್ರಿಪ್ಟಾನ್. ಅರ್ಧಂಬರ್ಧ ಇಳಿಯಿತು. ಬುಧವಾರ ಬೆಳಗ್ಗೆ ಮತ್ತೆ ನೋವು, ಮತ್ತೆ ರಿಜಾಟ್ರಿಪ್ಟಾನ್. ಗುರುವಾರ ತಲೆ ಭಾರ, ಒಂದು ನ್ಯಾಪ್ರೊಕ್ಸೆನ್. ಒಂದೇ ಮೈಗ್ರೇನಿಗೆ ಮೂರು ದಿನ ಖರ್ಚಾಯಿತು. ಮಂಗಳವಾರ 11 ಗಂಟೆಗೇ ಟ್ರಿಪ್ಟಾನ್ ತಗೊಂಡಿದ್ದರೆ ಒಂದೇ ದಿನದಲ್ಲಿ ಮುಗಿಯುವ ಸಾಧ್ಯತೆ ಚೆನ್ನಾಗಿತ್ತು. ಬೇಗ ತಗೊಳ್ಳಿ, ಜಾಸ್ತಿ ದಿನ ಬೇಡ ಅನ್ನುವ ಎರಡು ಮಾತು ಕೂಡಿಕೊಳ್ಳುವುದು ಇಲ್ಲೇ.

ಬಿಡುವುದು ಹೇಗೆ

ಆ ಟೀಚರಿಗೆ ಪ್ಯಾರಾಸಿಟಮಾಲ್, ನ್ಯಾಪ್ರೊಕ್ಸೆನ್ ಎರಡನ್ನೂ ಒಂದೇ ಸಲ ನಿಲ್ಲಿಸಿ, ಸ್ವಲ್ಪ ದಿನ ಟ್ರಿಪ್ಟಾನನ್ನೂ ಬಿಡಿ ಅಂದೆ. ಇವನ್ನೆಲ್ಲ ಹಾಗೆ ಒಂದೇ ಸಲ ನಿಲ್ಲಿಸಬಹುದು. ಟ್ರಾಮಡಾಲ್, ಕೊಡೀನ್, ನಿದ್ರೆಯ ಮಾತ್ರೆ ಇದ್ದವರು ಮಾತ್ರ ತಾವಾಗಿ ನಿಲ್ಲಿಸಬಾರದು, ವೈದ್ಯರ ಜೊತೆ ನಿಧಾನವಾಗಿ ಇಳಿಸಬೇಕು.

ನಿಲ್ಲಿಸಿದ ಮೊದಲ ದಿನಗಳಲ್ಲಿ ತಲೆನೋವು ಹೆಚ್ಚುತ್ತದೆ. ವಾಕರಿಕೆ, ನಿದ್ದೆಗೆಡುವುದು, ಸಿಡುಕು ಎಲ್ಲ ಬರುತ್ತವೆ. ಜರ್ಮನಿಯ ಒಂದು ಅಧ್ಯಯನದಲ್ಲಿ ಟ್ರಿಪ್ಟಾನ್ ಬಿಟ್ಟವರಿಗೆ ಈ ಕಷ್ಟ ಸರಾಸರಿ 4 ದಿನ, ನೋವಿನ ಮಾತ್ರೆ ಬಿಟ್ಟವರಿಗೆ ಒಂಬತ್ತು ಹತ್ತು ದಿನ ಇತ್ತು. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಎಲ್ಲರೂ ಮೆಡಿಕಲ್ ಶಾಪಿಗೆ ಹೋಗುತ್ತಾರೆ, ಅವರನ್ನು ದೂರುವಂತಿಲ್ಲ. ಟೀಚರ್ ದಸರಾ ರಜೆಯಲ್ಲಿ ಶುರುಮಾಡಿದರು. ಮನೆಯವರಿಗೂ ವಿಷಯ ಗೊತ್ತಿತ್ತು.

ಜೊತೆಗೆ ತಡೆಯುವ ಔಷಧವೂ ಬೇಕು. ಇದು ದಿನಾ ತಗೊಳ್ಳುವಂಥದ್ದು, ನೋವು ಬರುವುದನ್ನೇ ಕಡಿಮೆ ಮಾಡುತ್ತದೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೋಪಿರಮೇಟ್ ಇವು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿವೆ. ಅವರಿಗೆ ಆಸ್ತಮಾ ಇರಲಿಲ್ಲ, ಹಾಗಾಗಿ ಪ್ರೊಪ್ರನೊಲಾಲ್ ಆರಿಸಿದೆವು. ಆಗ ಒಂದು ಎಚ್ಚರ ಬೇಕು. ಪ್ರೊಪ್ರನೊಲಾಲ್ ಜೊತೆ ರಿಜಾಟ್ರಿಪ್ಟಾನ್ ರಕ್ತದಲ್ಲಿ ಹೆಚ್ಚಾಗುತ್ತದೆ, ಅದಕ್ಕೇ 10 ಮಿಲಿಗ್ರಾಂ ಬದಲು 5 ಮಿಲಿಗ್ರಾಂ ಕೊಡಬೇಕು. ಸುಮಾಟ್ರಿಪ್ಟಾನಿಗೆ ಈ ತೊಡಕಿಲ್ಲ. ಬೇರೆ ಬೇರೆ ವೈದ್ಯರು ಬರೆದ ಚೀಟಿಗಳಿದ್ದರೆ ಇದು ತಪ್ಪಿಹೋಗಬಹುದು, ಎರಡೂ ಚೀಟಿ ಒಟ್ಟಿಗೆ ತೋರಿಸಿ. ರಜೆ ಮುಗಿದ ಮೇಲೆ ಟ್ರಿಪ್ಟಾನ್ ಮತ್ತೆ ಶುರುವಾಯಿತು. ಮೈಗ್ರೇನ್ ಅಂತ ಗೊತ್ತಾದ ದಿನ ಮಾತ್ರ, ನೋವು ಸಣ್ಣದಿರುವಾಗಲೇ, ವಾರಕ್ಕೆ ಎರಡು ದಿನದ ಮಿತಿಯಲ್ಲಿ. ಮೂರನೇ ತಿಂಗಳ ಕ್ಯಾಲೆಂಡರಿನಲ್ಲಿ ತಲೆನೋವು 7 ದಿನ, ಮಾತ್ರೆ 5 ದಿನ ಇತ್ತು. ಎಲ್ಲರಿಗೂ ಇಷ್ಟು ಚೆನ್ನಾಗಿ ಆಗುವುದಿಲ್ಲ. ಕೆಲವರಿಗೆ ತಡೆಯುವ ಔಷಧ ಬದಲಾಯಿಸಬೇಕಾಗುತ್ತದೆ, ಕೆಲವರು ಕೆಲವು ತಿಂಗಳ ನಂತರ ಮತ್ತೆ ಹಳೇ ದಾರಿಗೆ ಜಾರುತ್ತಾರೆ.

ಸಭಿಕರು ಕೇಳಿದ್ದು

ಒಬ್ಬ ಹಿರಿಯರು ಕೇಳಿದರು: "ನಾನು ಮಂಡಿನೋವಿಗೆ ದಿನಾ ಮಾತ್ರೆ ತಗೋತೀನಿ. ನನಗೂ ತಲೆನೋವು ಶುರುವಾಗುತ್ತಾ ಡಾಕ್ಟ್ರೇ?"

ತಲೆನೋವಿನ ಕಾಯಿಲೆಯೇ ಇಲ್ಲದವರಿಗೆ ಸಾಮಾನ್ಯವಾಗಿ ಇದು ಬರುವುದಿಲ್ಲ. ಆದರೆ ಮೈಗ್ರೇನ್ ಇರುವ ಒಬ್ಬರು ಮಂಡಿಗೋ ಬೆನ್ನಿಗೋ ಮಾತ್ರೆ ತಗೊಂಡರೂ ಆ ದಿನವನ್ನು ಲೆಕ್ಕಕ್ಕೆ ಸೇರಿಸಬೇಕು. ಯಾವ ನೋವಿಗೆ ಅನ್ನುವುದು ಮುಖ್ಯವಲ್ಲ.

ಒಬ್ಬ ತಾಯಿ ಕೇಳಿದರು: "ಮೆಡಿಕಲ್ ಶಾಪಿನವರು ಮೈಗ್ರೇನಿಗೆ ಅಂತಲೇ ಒಂದು ಮಾತ್ರೆ ಕೊಡುತ್ತಾರೆ. ಮಗಳು ಅದನ್ನು ತಗೊಂಡು, ಆಗಲಿಲ್ಲ ಅಂದರೆ ಟ್ರಿಪ್ಟಾನ್ ತಗೋತಾಳೆ. ಪರವಾಗಿಲ್ವಾ?"

ಸ್ಟ್ರಿಪ್ಪಿನ ಹಿಂದೆ ಎರ್ಗೊಟಮೈನ್ ಅಂತ ಬರೆದಿದೆಯೇ ನೋಡಿ. ಇದ್ದರೆ ಎರಡನ್ನೂ ಒಂದೇ ದಿನ ಸೇರಿಸಲೇಬಾರದು. ಎರಡೂ ರಕ್ತನಾಳ ಕುಗ್ಗಿಸುತ್ತವೆ. ಎರ್ಗೊಟಮೈನ್ ತಗೊಂಡು 24 ಗಂಟೆಯಾಗುವವರೆಗೆ ಟ್ರಿಪ್ಟಾನ್ ಬೇಡ, ಟ್ರಿಪ್ಟಾನ್ ತಗೊಂಡು 24 ಗಂಟೆಯವರೆಗೆ ಎರ್ಗೊಟಮೈನ್ ಬೇಡ. ಇದೇ ಕಾರಣಕ್ಕೆ ಹೃದಯಾಘಾತ, ಎದೆನೋವಿನ ಕಾಯಿಲೆ, ಪಾರ್ಶ್ವವಾಯು ಆದವರಿಗೂ, ಬಿ.ಪಿ. ಹತೋಟಿಯಲ್ಲಿಲ್ಲದವರಿಗೂ ಟ್ರಿಪ್ಟಾನ್ ಕೊಡುವುದಿಲ್ಲ. ಮಾತ್ರೆ ತಗೊಂಡಾಗ ಕುತ್ತಿಗೆ, ಗಂಟಲು, ಎದೆ ಸ್ವಲ್ಪ ಬಿಗಿದಂತಾಗುವುದು ಹಲವರಿಗೆ ಆಗುತ್ತದೆ, ಸಾಮಾನ್ಯವಾಗಿ ಬೇಗ ಹೋಗುತ್ತದೆ. ಮೊದಲ ಸಲ ಹಾಗಾದರೆ ವೈದ್ಯರಿಗೆ ಹೇಳಿ. ಜೋರಾಗಿದ್ದರೆ ಅಥವಾ ಹೋಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

"ಮೊದಲ ಮಾತ್ರೆ ಹಿಡಿಯದಿದ್ದರೆ ಇನ್ನೊಂದು ತಗೋಬಹುದಾ?" ಅಂತ ಒಬ್ಬ ಯುವಕ ಕೇಳಿದ.

ನೋವು ಹೋಗಿ ಮತ್ತೆ ಬಂದರೆ, ಎರಡು ಗಂಟೆಯ ಅಂತರ ಬಿಟ್ಟು ಇನ್ನೊಂದು ತಗೋಬಹುದು. ಮೊದಲನೆಯದು ಸ್ವಲ್ಪವೂ ಹಿಡಿಯದಿದ್ದರೆ ಅದೇ ಮೈಗ್ರೇನಿಗೆ ಎರಡನೆಯದರಿಂದ ಉಪಯೋಗ ಕಡಿಮೆ. ಸುಮಾಟ್ರಿಪ್ಟಾನ್ ಮಾತ್ರೆಯಾದರೆ 24 ಗಂಟೆಯಲ್ಲಿ 200 ಮಿಲಿಗ್ರಾಂ ದಾಟಬೇಡಿ. ಯಾವಾಗಲೂ ಮರುದಿನ ನೋವು ವಾಪಸ್ ಬರುತ್ತಿದ್ದರೆ ಮೊದಲ ಡೋಸಿನ ಜೊತೆಗೇ ನ್ಯಾಪ್ರೊಕ್ಸೆನ್ ಸೇರಿಸುವ ಬಗ್ಗೆ ವೈದ್ಯರನ್ನು ಕೇಳಿ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇಲ್ಲದಿದ್ದರೆ ಅದು ಒಳ್ಳೆಯ ಜೋಡಿ. ಮೂರು ಸಲ ಸರಿಯಾದ ಹೊತ್ತಿಗೆ ತಗೊಂಡೂ ಹಿಡಿಯದಿದ್ದರೆ ಬೇರೆ ಟ್ರಿಪ್ಟಾನ್ ನೋಡಬಹುದು. ಒಂದು ಹಿಡಿಯದವರಿಗೆ ಇನ್ನೊಂದು ಹಿಡಿಯುವುದುಂಟು.

ಆದರೆ ಒಂದು ವಿಷಯ. ಕ್ಷಣದಲ್ಲಿ ಸಿಡಿದಂತೆ ಬಂದ ಭಾರೀ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸ್ವಾಧೀನ ತಪ್ಪುವುದು, 50 ದಾಟಿದ ಮೇಲೆ ಮೊದಲ ಬಾರಿ ಶುರುವಾದ ತಲೆನೋವು, ಇವುಗಳಿಗೆ ಯಾವ ಮಾತ್ರೆಯನ್ನೂ ನುಂಗಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಕೊನೆಯಲ್ಲಿ ಒಬ್ಬರು ಎದ್ದು ನಿಂತು ಕೇಳಿದರು: "ಇಪ್ಪತ್ತನೇ ತಾರೀಖಿಗೇ ಒಂಬತ್ತು ದಿನ ಮುಗಿದುಹೋದರೆ ಉಳಿದ ಹತ್ತು ದಿನ ಏನು ಮಾಡಲಿ ಸರ್?"

ನಾನು ಹೇಳಿದ್ದು ಇಷ್ಟು. ಆ ಹತ್ತು ದಿನ ವಾಂತಿಯ ಮಾತ್ರೆ ವೈದ್ಯರು ಹೇಳಿದಷ್ಟು ತಗೋಬಹುದು, ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ತಣ್ಣನೆ ಬಟ್ಟೆ, ಕತ್ತಲೆ, ನಿದ್ದೆ ಸ್ವಲ್ಪ ಸಹಾಯ ಮಾಡುತ್ತವೆ. ಅಸಲು ಉತ್ತರ ಇರುವುದು ಮುಂದಿನ ತಿಂಗಳಿನಲ್ಲಿ. ಒಂಬತ್ತು ದಿನ ಸಾಲದು ಅಂದರೆ ನಿಮಗೆ ತಡೆಯುವ ಔಷಧ ಬೇಕಾಗಿದೆ ಎಂದೇ ಅರ್ಥ. ತಿಂಗಳಿಗೆ ನಾಲ್ಕು ದಿನ ಕೆಲಸ ಕೆಡಿಸುವಂಥ ಮೈಗ್ರೇನ್ ಇದ್ದರೂ ನಾವು ಅದನ್ನು ಯೋಚಿಸುತ್ತೇವೆ. ಕ್ಯಾಲೆಂಡರ್ ಹಿಡಿದುಕೊಂಡು ಬನ್ನಿ. ತಲೆನೋವಿನ ದಿನಕ್ಕೆ ಒಂದು ಗುರುತು, ಮಾತ್ರೆಯ ದಿನಕ್ಕೆ ಇನ್ನೊಂದು, ಮಾತ್ರೆಯ ಹೆಸರು, ನೋವು ಶುರುವಾದ ಹೊತ್ತು, ಮಾತ್ರೆ ತಗೊಂಡ ಹೊತ್ತು. ಈ ಕೊನೆಯ ಎರಡನ್ನು ಬಹಳ ಜನ ಬರೆಯುವುದಿಲ್ಲ. ನಾನು ಮೊದಲು ಹುಡುಕುವುದು ಅವನ್ನೇ.